ಶುಕ್ರವಾರ ಬರುವುದಿಲ್ಲವೋ, ಬರುವುದು ಶುಕ್ರವಾರವಲ್ಲವೋ?

ಲೈಪ್‌ಜಿಗ್‌ನಲ್ಲಿ ಬಾಡಿಗೆ ಕೋಣೆ ಹಿಡಿದ ಮೊದಲ ತಿಂಗಳು. ಶುಕ್ರವಾರ ರಾತ್ರಿ ನಾನು ಮನೆಗೆ ಬರುವುದಿಲ್ಲವೆಂದು ಮನೆಯೊಡತಿಗೆ ತಿಳಿಸಬೇಕಿತ್ತು. ಜರ್ಮನ್ ಭಾಷೆಯಲ್ಲಿ ‘ಇಶ್ ಕೊಮ್ಮೆ ನಿಶ್ಟ್ ಆಮ್ ಫ್ರೈಟಾಗ್’ ಎಂದೆ. ಅವರು ಬಾಗಿಲಲ್ಲೇ ನಿಂತು, ನನ್ನ ಮಾತು ಮುಗಿದಿಲ್ಲವೆಂಬಂತೆ ಕಾದರು. ಆಮೇಲೆ ‘ಜೊಂಡರ್ನ್ ವಾನ್?’ ಎಂದು ಕೇಳಿದರು. ಹಾಗಾದರೆ ಯಾವಾಗ ಎಂದು. ಅವರಿಗೆ ಕೇಳಿಸಿದ್ದು ‘ನಾನು ಬರುವುದು ಶುಕ್ರವಾರವಲ್ಲ’ ಎಂಬ ಅರ್ಧ ವಾಕ್ಯ. ನಿರಾಕರಿಸುವ ‘ನಿಶ್ಟ್’ ಪದ ದಿನದ ನಂತರ ಬರಬೇಕಿತ್ತು, ನಾನು ಅದನ್ನು ದಿನಕ್ಕಿಂತ ಮೊದಲೇ ಇಟ್ಟಿದ್ದೆ.

ನಿರಾಕರಿಸಲು ಜರ್ಮನ್ನರ ಬಳಿ ‘ನಿಶ್ಟ್’ ಅಲ್ಲದೆ ‘ಕೈನ್’ ಎಂಬ ಪದವೂ ಇದೆ. ಆಗ ನನ್ನ ತಲೆಯಲ್ಲಿ ಒಂದು ಸುಲಭ ಲೆಕ್ಕವಿತ್ತು: ನಮ್ಮ ‘ಇಲ್ಲ’ ಅಂದರೆ ‘ಕೈನ್’, ‘ಅಲ್ಲ’ ಅಂದರೆ ‘ನಿಶ್ಟ್’. ‘ನನಗೆ ಸಮಯವಿಲ್ಲ’ ಎನ್ನಲು ‘ಇಶ್ ಹಾಬೆ ಕೈನೆ ತ್ಸೈಟ್’ ಎನ್ನುತ್ತಾರಲ್ಲ, ಅದರಿಂದ ಹುಟ್ಟಿದ ಲೆಕ್ಕ. ಆದರೆ ‘ನಾನು ವೈದ್ಯನಲ್ಲ’ ಎನ್ನುವುದಕ್ಕೆ ಜರ್ಮನ್ನರು ‘ಇಶ್ ಬಿನ್ ಕೈನ್ ಆರ್ಟ್ಸ್ಟ್’ ಎನ್ನುತ್ತಾರೆ, ‘ಅವನು ಬರುವುದಿಲ್ಲ’ ಎನ್ನುವುದಕ್ಕೆ ‘ಎರ್ ಕೊಮ್ಟ್ ನಿಶ್ಟ್’. ಎರಡು ಕಡೆಯೂ ಲೆಕ್ಕ ತಲೆಕೆಳಗು.

ನಿಜವಾದ ಗೆರೆ ಇರುವುದು ನಾಮಪದಕ್ಕಿಂತ ಮೊದಲು ಬರುವ ಪದದಲ್ಲಿ. ವಾಕ್ಯವನ್ನು ಮೊದಲು ‘ಹೌದು’ ಎಂಬ ರೂಪದಲ್ಲಿ ಹೇಳಿಕೊಳ್ಳುತ್ತೇನೆ. ಅಲ್ಲಿ ನಾಮಪದಕ್ಕಿಂತ ಮೊದಲು ‘ಒಂದು’ ಎಂಬರ್ಥದ ‘ಐನ್’ ಇದ್ದರೆ, ಇಲ್ಲವೇ ಏನೂ ಇಲ್ಲದಿದ್ದರೆ, ನಿರಾಕರಿಸುವಾಗ ‘ಕೈನ್’. ‘ಆ’ ಎಂದು ಗೊತ್ತಾದದ್ದನ್ನು ತೋರಿಸುವ ‘ದೇರ್, ದೀ, ದಾಸ್’ ಅಥವಾ ‘ನನ್ನ’ ಎಂಬರ್ಥದ ‘ಮೈನ್’ ಇದ್ದರೆ ‘ನಿಶ್ಟ್’. ಇದರ ಬೆಲೆ ನನಗೆ ಗೊತ್ತಾದದ್ದು ಬೀಗದ ಕೈಯಿಂದ. ‘ಇಶ್ ಹಾಬೆ ಕೈನೆನ್ ಶ್ಲ್ಯುಸೆಲ್’ ಎಂದರೆ ನನ್ನ ಬಳಿ ಬೀಗದ ಕೈ ಎಂಬುದೇ ಇಲ್ಲ, ಯಾರೂ ಕೊಟ್ಟಿಲ್ಲ. ‘ಇಶ್ ಹಾಬೆ ದೇನ್ ಶ್ಲ್ಯುಸೆಲ್ ನಿಶ್ಟ್’ ಎಂದರೆ ನಾವಿಬ್ಬರೂ ಬಲ್ಲ ಆ ಬೀಗದ ಕೈ ಈಗ ನನ್ನ ಹತ್ತಿರ ಇಲ್ಲ. ಕನ್ನಡದಲ್ಲಿ ಎರಡಕ್ಕೂ ‘ಬೀಗದ ಕೈ ನನ್ನ ಹತ್ತಿರ ಇಲ್ಲ’ ಎಂದರೆ ಸಾಕಾಗುತ್ತದೆ. ಆದ್ದರಿಂದಲೇ ನಮ್ಮ ಕಿವಿ ಈ ವ್ಯತ್ಯಾಸವನ್ನು ತಾನಾಗಿ ಹಿಡಿಯುವುದಿಲ್ಲ. ಬೇಕೆಂದೇ ನಿಂತು ‘ಐನ್ ಇತ್ತೋ, ದೇರ್ ಇತ್ತೋ’ ಎಂದು ಕೇಳಿಕೊಳ್ಳಬೇಕು.

ಜಾಗದ ವಿಷಯದಲ್ಲಿ ಮಾತ್ರ ಕನ್ನಡವೇ ಕೈಹಿಡಿಯಿತು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಜರ್ಮನ್‌ನಲ್ಲಿ ‘ವೈಲ್’ (ಏಕೆಂದರೆ) ಎಂದು ಶುರುವಾಗುವ ಉಪವಾಕ್ಯದಲ್ಲೂ ಕ್ರಿಯಾಪದ ಕೊನೆಗೇ ಹೋಗುತ್ತದೆ. ಹಾಗಾಗಿ ಮೊದಲು ಮನಸ್ಸಿನಲ್ಲಿ ‘ವೈಲ್’ ಸೇರಿಸಿ ಕನ್ನಡದ ಸಾಲಿನಲ್ಲೇ ಜೋಡಿಸುತ್ತೇನೆ: ‘ವೈಲ್ ಇಶ್ ಮೊರ್ಗೆನ್ … ನಾಖ್ ಹಾಂಬುರ್ಗ್ ಫಾರೆ’. ನಾಳೆ ಹಾಂಬುರ್ಗ್‌ಗೆ ಹೋಗುವ ಮಾತು. ಇಲ್ಲಿ ‘ಹಾಂಬುರ್ಗ್‌ಗೆ’ ಎಂಬುದು ‘ಹೋಗು’ವುದಕ್ಕೆ ಅಂಟಿಕೊಂಡಿದೆ. ಅದಿಲ್ಲದಿದ್ದರೆ ಹೋಗುವುದು ಎಲ್ಲಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ‘ನಿಶ್ಟ್’ ಈ ಅಂಟಿದ ಗಂಟಿಗಿಂತ ಮೊದಲು ಕೂರುತ್ತದೆ: ‘ಮೊರ್ಗೆನ್ ನಿಶ್ಟ್ ನಾಖ್ ಹಾಂಬುರ್ಗ್ ಫಾರೆ’. ಈಗ ‘ವೈಲ್’ ತೆಗೆದು, ‘ಫಾರೆ’ಯನ್ನು ಮಾತ್ರ ಎತ್ತಿ ಎರಡನೆಯ ಸ್ಥಾನಕ್ಕೆ ತಂದರೆ ‘ಇಶ್ ಫಾರೆ ಮೊರ್ಗೆನ್ ನಿಶ್ಟ್ ನಾಖ್ ಹಾಂಬುರ್ಗ್’. ಉಳಿದವು ಕದಲುವುದಿಲ್ಲ.

‘ಆ ಪುಸ್ತಕ ಓದುವುದಿಲ್ಲ’ ಎನ್ನುವಾಗ ‘ದಾಸ್ ಬೂಖ್’ ಹಾಗೆ ಅಂಟಿಲ್ಲ, ಅದು ಮೊದಲೇ ಬಂದು ಕೂರುತ್ತದೆ. ‘ಲೇಸೆ’ ಎಂಬ ಕ್ರಿಯಾಪದ ಎರಡನೆಯ ಸ್ಥಾನಕ್ಕೆ ಎದ್ದು ಹೋದ ಮೇಲೆ ‘ನಿಶ್ಟ್’ ಒಂಟಿಯಾಗಿ ಕೊನೆಯಲ್ಲಿ ಉಳಿಯುತ್ತದೆ: ‘ಇಶ್ ಲೇಸೆ ದಾಸ್ ಬೂಖ್ ನಿಶ್ಟ್’. ‘ನಿಶ್ಟ್ ಯಾವಾಗಲೂ ಕೊನೆಗೆ’ ಎಂದು ಹಲವರು ಕಲಿಯುವುದು ಇದೊಂದನ್ನೇ ನೋಡಿ. ‘ಕೋಣೆ ದೊಡ್ಡದಲ್ಲ’ ಎನ್ನುವಾಗ ‘ಗ್ರೋಸ್’ ಎಂಬ ವಿಶೇಷಣ ‘ಇರು’ವುದಕ್ಕೆ ಅಂಟಿರುವುದರಿಂದ ‘ದಾಸ್ ತ್ಸಿಮ್ಮರ್ ಇಸ್ಟ್ ನಿಶ್ಟ್ ಗ್ರೋಸ್’.

ಮತ್ತೆ ಶುಕ್ರವಾರಕ್ಕೆ ಬರೋಣ. ‘ಆಮ್ ಫ್ರೈಟಾಗ್’ ಬರುವ ಕ್ರಿಯೆಗೆ ಅಂಟಿದ್ದಲ್ಲ, ಬರೀ ಕಾಲಸೂಚಕ. ಆದ್ದರಿಂದ ‘ಇಶ್ ಕೊಮ್ಮೆ ಆಮ್ ಫ್ರೈಟಾಗ್ ನಿಶ್ಟ್’. ಇದು ನಮ್ಮ ‘ಇಲ್ಲ’. ‘ನಿಶ್ಟ್ ಆಮ್ ಫ್ರೈಟಾಗ್, ಜೊಂಡರ್ನ್ ಆಮ್ ಜಾಮ್ಸ್‌ಟಾಗ್’ ಎಂದರೆ ಶುಕ್ರವಾರವಲ್ಲ, ಶನಿವಾರ. ಇದು ನಮ್ಮ ‘ಅಲ್ಲ’. ಶಬ್ದ ಆರಿಸಲು ನನ್ನನ್ನು ದಾರಿ ತಪ್ಪಿಸಿದ ಇಲ್ಲ–ಅಲ್ಲ ಜೋಡಿಯೇ ಜಾಗ ಆರಿಸಲು ನಂಬಿಕಸ್ಥವಾಯಿತು. ಕನ್ನಡದಲ್ಲಿ ಒಂದು ಪದಕ್ಕೆ ‘ಅಲ್ಲ’ ಹಚ್ಚಿ ‘ಮತ್ತೊಂದು’ ಎನ್ನುವಂತಿದ್ದರೆ ‘ನಿಶ್ಟ್’ ಆ ಪದಕ್ಕಿಂತ ಮೊದಲೇ ಹೋಗಿ ಕೂರುತ್ತದೆ.

ಒಂದು ಕಡೆ ಮಾತ್ರ ಈಗಲೂ ಎಚ್ಚರದಿಂದಿರುತ್ತೇನೆ. ‘ಎಲ್ಲರೂ ಬಂದಿಲ್ಲ’ ಎಂದು ನಾವು ಹೇಳುವಾಗ ಕೆಲವರು ಬಂದಿದ್ದಾರೆ ಎಂದೇ ಅರ್ಥ, ಆದರೆ ‘ಇಲ್ಲ’ ಕ್ರಿಯಾಪದಕ್ಕೆ ಅಂಟಿರುತ್ತದೆ. ಜರ್ಮನ್‌ನಲ್ಲಿ ‘ನಿಶ್ಟ್’ ‘ಎಲ್ಲರೂ’ ಎಂಬುದಕ್ಕಿಂತ ಮೊದಲು ನಿಲ್ಲುತ್ತದೆ: ‘ನಿಶ್ಟ್ ಆಲ್ಲೆ ಜಿಂಡ್ ಗೆಕೊಮ್ಮೆನ್’.