ಡಬಲ್ ಚಿನ್ ನೋಡುವ ಮೊದಲು ಕಿವಿ ನೋಡುತ್ತೇನೆ

ಬದಿಯಡ್ಕದ ಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ ಪ್ರಸ್ತಾಪಕ್ಕೆ ಫೋಟೋ ತೆಗೆಸಲು ಬರುವ ಹುಡುಗಿಯರು ಮೊದಲು ಮೊಬೈಲ್ ಮುಂದೆ ಹಿಡಿದು, "ಅಣ್ಣಾ, ಡಬಲ್ ಚಿನ್ ಬಂದಿದೆ ಅಲ್ವಾ?" ಎಂದು ಕೇಳುತ್ತಾರೆ. ನಾನು ಆಗ ಗದ್ದ ನೋಡುವುದಿಲ್ಲ, ಕಿವಿ ನೋಡುತ್ತೇನೆ. ನೆಟ್ಟಗೆ ತೆಗೆದ ಫೋಟೋದಲ್ಲಿ ಕಿವಿಯ ಮೇಲ್ತುದಿ ಹೆಚ್ಚುಕಮ್ಮಿ ಕಣ್ಣು, ಹುಬ್ಬಿನ ಮಟ್ಟಕ್ಕೆ ಇರುತ್ತದೆ. ಅದು ಕಣ್ಣಿಗಿಂತ ತುಂಬಾ ಕೆಳಗೆ ಇಳಿದು, ಮೂಗಿನ ಹೊಳ್ಳೆಯೂ ಅಗಲವಾಗಿ ಕಂಡರೆ ಕ್ಯಾಮೆರಾ ಮುಖವನ್ನು ಕೆಳಗಿನಿಂದ ನೋಡಿದೆ. ಅಂಥ ಫೋಟೋದಿಂದ ದವಡೆಯ ಬಗ್ಗೆ ಏನನ್ನೂ ಹೇಳಲು ಬರುವುದಿಲ್ಲ.

ಮೊನ್ನೆ ಬಂದ ತಂಗಿಯ ಹತ್ತಿರ ಎರಡು ಸೆಲ್ಫಿ ಇದ್ದವು. ಒಂದು ಸೋಫಾದಲ್ಲಿ ಒರಗಿ, ಫೋನನ್ನು ಎದೆಯ ಹತ್ತಿರ ಹಿಡಿದದ್ದು. ಇನ್ನೊಂದು ತಾರಸಿಯಲ್ಲಿ ಕೈ ಎತ್ತಿ ತೆಗೆದದ್ದು. ಒಂದರಲ್ಲಿ ಗದ್ದದ ಕೆಳಗೆ ದಪ್ಪ ಮಡಿಕೆ, ಇನ್ನೊಂದರಲ್ಲಿ ದವಡೆಯ ಗೆರೆ ಚೂಪು. ಎರಡೂ ಒಂದೇ ವಾರದ ಫೋಟೋಗಳು.

ಸೋಫಾದ ಲೆಕ್ಕ ಹಾಕೋಣ. ಫೋನು ಮುಖದಿಂದ 45 ಸೆಂ.ಮೀ. ದೂರದಲ್ಲಿ, ಗದ್ದಕ್ಕಿಂತ 20 ಸೆಂ.ಮೀ. ಕೆಳಗೆ ಇದ್ದರೆ ನೋಟ ಸುಮಾರು 24 ಡಿಗ್ರಿ ಕೆಳಗಿನಿಂದ ಬರುತ್ತದೆ. ಅದೇ 20 ಸೆಂ.ಮೀ. ಕೆಳಗೇ ಇಟ್ಟು ದೂರವನ್ನು ಒಂದೂವರೆ ಮೀಟರಿಗೆ ಏರಿಸಿದರೆ ಬರೀ 8 ಡಿಗ್ರಿ. ಕೈಯಳತೆಯ ಸೆಲ್ಫಿಯಲ್ಲಿ ಎತ್ತರ ಸ್ವಲ್ಪ ತಪ್ಪಿದರೂ ಜಾಸ್ತಿ ಕಾಣುವುದು ಇದಕ್ಕೇ. ಅವಳು ಒರಗಿ ತಲೆಯನ್ನು ಹಿಂದಕ್ಕೂ ಎಳೆದುಕೊಂಡಿದ್ದಳು. ಹಾಗೆ ಕುತ್ತಿಗೆಯನ್ನು ಒಳಗೆ ಒತ್ತಿದರೆ ತೆಳ್ಳಗಿನವರಿಗೂ ಚರ್ಮ ಮಡಿಚುತ್ತದೆ.

ತಲೆ ಬಾಗಿಸುವುದೂ ಕ್ಯಾಮೆರಾ ಏರಿಸುವುದೂ ಒಂದೇ ಎಂದು ಎಷ್ಟೋ ಜನ ತಿಳಿದಿದ್ದಾರೆ. ಕಣ್ಣು ಮೂಗಿನ ಮಟ್ಟಿಗೆ ಸರಿ, ಎರಡರಲ್ಲೂ ಒಂದೇ ಥರ ಕಾಣುತ್ತವೆ. ಕುತ್ತಿಗೆಯಲ್ಲಿ ವ್ಯತ್ಯಾಸ. ಕ್ಯಾಮೆರಾ ಏರಿಸಿದರೆ ಗದ್ದದ ಕೆಳಭಾಗ ಮರೆಯಾಗುತ್ತದೆ, ಚರ್ಮ ಇದ್ದಂತೇ ಇರುತ್ತದೆ. ಗದ್ದವನ್ನು ಎದೆಗೆ ಒತ್ತಿದರೆ ಚರ್ಮ ಮಡಿಚಿ ಪಕ್ಕಕ್ಕೆ ಉಬ್ಬುತ್ತದೆ. ನಾನು ಹೇಳಿಕೊಡುವುದು, ಹಣೆಯನ್ನು ಕ್ಯಾಮೆರಾ ಕಡೆ ಸ್ವಲ್ಪ ಮುಂದೆ ತಂದು ಆಮೇಲೆ ಗದ್ದವನ್ನು ಒಂದಿಷ್ಟೇ ತಗ್ಗಿಸು ಎಂದು. ಪಕ್ಕದಿಂದ ನೋಡಿದರೆ ವಿಚಿತ್ರ, ಎದುರಿನಿಂದ ದವಡೆ ಕುತ್ತಿಗೆಯಿಂದ ಬಿಡಿಸಿಕೊಂಡು ಕಾಣುತ್ತದೆ.

ಇದೆಲ್ಲ ಚೆಂದದ ಫೋಟೋಗೆ. ನಿಜವಾಗಿ ಎಷ್ಟಿದೆ ಎಂದು ತಿಳಿಯಬೇಕಾದರೆ ಬ್ಯೂಟಿ ಮೋಡ್ ಇಲ್ಲದ ಹಿಂದಿನ ಕ್ಯಾಮೆರಾ, ಟೈಮರ್, ಕಣ್ಣಿನ ಎತ್ತರ, ಒಂದೂವರೆ ಮೀಟರ್ ದೂರ. ಕಾಲರ್ ಇಲ್ಲದ ಅಂಗಿ, ಕೂದಲು ಹಿಂದಕ್ಕೆ. ಎದುರಿನದು ಒಂದು, ಪಕ್ಕದ್ದು ಒಂದು. ಪಕ್ಕದ ಫೋಟೋದಲ್ಲಿ ಕಿವಿಯ ತೂತಿನಿಂದ ಕಣ್ಣುಗುಳಿಯ ಕೆಳಗಿನ ಎಲುಬಿಗೆ ಎಳೆದ ಗೆರೆ ನೆಲಕ್ಕೆ ಸಮನಾಗಿರಬೇಕು. ಆ ತಂಗಿಯನ್ನು ಹೀಗೆ ನಿಲ್ಲಿಸಿ ತೆಗೆದಾಗ ಗದ್ದದ ಕೆಳಗೆ ತೆಳುವಾದ ಉಬ್ಬೊಂದು ಇತ್ತು, ಮಡಿಕೆ ಇರಲಿಲ್ಲ. ಆ ಉಬ್ಬು ಕೊಬ್ಬೋ, ಸಡಿಲ ಚರ್ಮವೋ, ಹುಟ್ಟಿನಿಂದಲೇ ಸಣ್ಣ ಗದ್ದವೋ ಎಂದು ಫೋಟೋ ಹೇಳುವುದಿಲ್ಲ. ಅದನ್ನು ಡಾಕ್ಟರು ಮುಟ್ಟಿ ನೋಡಿಯೇ ಹೇಳಬೇಕು. ಮುಂದೆ ಹೋಲಿಸಿ ನೋಡುವುದಿದ್ದರೆ ನೆಲಕ್ಕೆ ಟೇಪು ಅಂಟಿಸಿ, ಅದೇ ಗುರುತಿನ ಮೇಲೆ, ಅದೇ ಬೆಳಕಿನಲ್ಲಿ ನಿಲ್ಲು ಎಂದು ಅವಳಿಗೆ ಹೇಳಿದೆ.