ಅರ್ಧ ದಾರಿಯಲ್ಲಿ ಮೂಲೆ ಏಳುತ್ತಿದ್ದ ಎಬಿಎಸ್ ಫಲಕಗಳು: ನನ್ನ ಅನುಭವ

ನನ್ನದು 3ಡಿ ಪ್ರಿಂಟಿಂಗ್, ಅಂದರೆ ಕರಗಿಸಿದ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಕೂರಿಸಿ ಭಾಗಗಳನ್ನು ಮಾಡಿಕೊಡುವ ಕೆಲಸ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕವೊಂದಕ್ಕೆ ಸುಮಾರು 300 ಮಿ.ಮೀ. ಉದ್ದ, 220 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಚಪ್ಪಟೆ ಫಲಕಗಳು ಬೇಕಾಗಿದ್ದವು. ಬಿಸಿನೀರಿನ ತೊಟ್ಟಿಯ ಪಕ್ಕದಲ್ಲಿ, ಹಬೆಯ ನಡುವೆ, ಸ್ವಿಚ್ಚು ಮತ್ತು ಸೆನ್ಸರುಗಳನ್ನು ಹೊತ್ತು ನಿಲ್ಲಬೇಕಾದ ಭಾಗಗಳು ಅವು. ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿಯ ಹತ್ತಿರ ಮೆತ್ತಗಾಗುವುದರಿಂದ ಅದರ ಮಾತೇ ಇರಲಿಲ್ಲ, ಹೆಚ್ಚು ಬಿಸಿ ತಾಳುವ ಪ್ಲಾಸ್ಟಿಕ್ಕಾದ ಎಬಿಎಸ್‌ನಲ್ಲಿಯೇ ಮಾಡಬೇಕಿತ್ತು. ಪೀಣ್ಯದಲ್ಲಿ ಇದೇ ಕೆಲಸ ಮಾಡುವ ಗೆಳೆಯರೊಬ್ಬರು, ಈ ಅಳತೆಯ ಚಪ್ಪಟೆ ಎಬಿಎಸ್ ನಮ್ಮಂಥವರ ಯಂತ್ರದಲ್ಲಿ ಆಗದು, ಅಕ್ರಿಲಿಕ್ ಹಾಳೆ ಕತ್ತರಿಸಿ ಕೊಟ್ಟುಬಿಡಿ ಎಂದರು. ಗ್ರಾಹಕರಿಗೂ ಅದೇ ಅನುಮಾನ. ಈಗ ಇಪ್ಪತ್ತಕ್ಕೂ ಹೆಚ್ಚು ಫಲಕಗಳು ಅಲ್ಲಿ ಕೂತಿರುವುದರಿಂದ, ಹೇಗೆ ಮಾಡಿದೆನೆಂಬುದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಹಾಳಾದವುಗಳ ಲೆಕ್ಕ. ಒಂದು ಫಲಕಕ್ಕೆ ಕಾಲು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಫಿಲಮೆಂಟು ಎಂಬ ಪ್ಲಾಸ್ಟಿಕ್ ಎಳೆ, ಹತ್ತು ಹನ್ನೊಂದು ಗಂಟೆ ಯಂತ್ರದ ಸಮಯ. ನಾನು ಕೊಳ್ಳುವ ಎಬಿಎಸ್ ಕೆ.ಜಿ.ಗೆ ಸಾವಿರ ರೂಪಾಯಿಯ ಆಸುಪಾಸು. ಏಳೆಂಟು ಫಲಕಗಳು ಬುಟ್ಟಿಗೆ ಹೋದವು. ವಿದ್ಯುತ್ತನ್ನೂ ಸೇರಿಸಿದರೆ ಎರಡೂವರೆ ಸಾವಿರಕ್ಕೆ ಕಡಿಮೆಯಿಲ್ಲ. ಹಣಕ್ಕಿಂತ ಹೆಚ್ಚು ಕಾಡಿದ್ದು ಅವು ಹಾಳಾಗುತ್ತಿದ್ದ ಹೊತ್ತು. ಮೊದಲ ಪದರ ಅಚ್ಚುಕಟ್ಟಾಗಿ ಕೂರುತ್ತಿತ್ತು, ಒಂದು ಮಿ.ಮೀ. ಎತ್ತರದವರೆಗೆ ಯಾವ ತೊಂದರೆಯೂ ಕಾಣುತ್ತಿರಲಿಲ್ಲ, ಎರಡೂವರೆ ಮಿ.ಮೀ. ದಾಟಿದ ಮೇಲೆ, ಅಂದರೆ ಸಾಮಾನ್ಯವಾಗಿ ನಡುರಾತ್ರಿಯಲ್ಲಿ, ಮೂಲೆ ಎದ್ದು ಪ್ಲಾಸ್ಟಿಕ್ ಸುರಿಯುವ ನಾಜಲ್ಲಿಗೆ ತಗಲುತ್ತಿತ್ತು. ಪ್ರತಿ ಹೊಸ ಪದರವೂ ತಣಿಯುತ್ತ ಕುಗ್ಗಿ ಕೆಳಗಿನದನ್ನು ಒಳಕ್ಕೆ ಎಳೆಯುತ್ತದೆ. ಆ ಎಳೆತ ಕೂಡುತ್ತ ಹೋಗುವುದರಿಂದ ಆರಂಭದಲ್ಲಿ ಸಾಕಾಗಿದ್ದ ಹಿಡಿತ ಮಧ್ಯದಲ್ಲಿ ಸಾಲದೆ ಹೋಗುತ್ತದೆ.

ನನ್ನ ಕೆಲಸ ಹಳಿಗೆ ಬಂದದ್ದು, ಎದ್ದ ಫಲಕವನ್ನು ಎಸೆಯುವ ಮೊದಲು ಯಾವುದು ಯಾವುದರಿಂದ ಬಿಟ್ಟಿದೆ ಎಂದು ಗಮನಿಸತೊಡಗಿದ ಮೇಲೆ. ಭಾಗ, ಅದರ ಮೂಲೆಯನ್ನು ಹಿಡಿದಿಡುವ ತೆಳು ಬಿಲ್ಲೆಯಾದ ಕಿವಿ, ಅಂಟು, ಫಲಕ ಕೂರುವ ಬಿಸಿ ತಟ್ಟೆಯಾದ ಬೆಡ್ ಎಂಬ ನಾಲ್ಕರ ನಡುವೆ ಮೂರು ಕೂಡುಗಳಿವೆ, ಬಿಡುವುದು ಅವುಗಳಲ್ಲಿ ದುರ್ಬಲವಾದದ್ದು. ಮೊದಲ ಎರಡು ಫಲಕಗಳಲ್ಲಿ ಇವು ಮೂರೂ ಗಟ್ಟಿಯಾಗಿಯೇ ಇದ್ದವು. ಎದ್ದದ್ದು ಬೆಡ್ಡಿನ ಮೇಲಿನ ಸ್ಪ್ರಿಂಗ್ ಸ್ಟೀಲ್ ಹಾಳೆಯೇ. 110 ಡಿಗ್ರಿಯಲ್ಲಿ ಕೆಳಗಿನ ಮ್ಯಾಗ್ನೆಟ್ ಹಾಳೆಯ ಸೆಳೆತ ಕುಗ್ಗುತ್ತದೆ, ಫಲಕವು ಮೂಲೆಯನ್ನು ಸ್ಟೀಲಿನ ಸಮೇತ ಎತ್ತಿಬಿಡುತ್ತದೆ. ತಣ್ಣಗಾದ ಮೇಲೆ ಹಾಳೆ ಮತ್ತೆ ಕೂತುಕೊಳ್ಳುವುದರಿಂದ ಬೆಳಿಗ್ಗೆ ನೋಡಿದವರಿಗೆ ಕಾರಣ ತಿಳಿಯುವುದಿಲ್ಲ. ಯಂತ್ರ ನಡೆಯುತ್ತಿರುವಾಗಲೇ ಮೂಲೆಯಲ್ಲಿ ಹಾಳೆಯ ಕೆಳಗೆ ಕಾಗದದ ಚೂರು ತೂರಿ ನೋಡಬೇಕು. ತೂರಿದರೆ ಮ್ಯಾಗ್ನೆಟ್ ಸೋತಿದೆ. ನಾನು ಅದನ್ನು ತೆಗೆದು 5 ಮಿ.ಮೀ. ದಪ್ಪದ ಗಾಜನ್ನು ಕ್ಲಿಪ್ಪು ಹಾಕಿ ಕೂರಿಸಿದೆ.

ಆಮೇಲೆ ಕಿವಿಗಳ ಸರದಿ. ನಾಲ್ಕೂ ಮೂಲೆಗಳಿಗೆ ಬ್ರಿಮ್ ಎಂಬ ತೆಳು ಅಂಚಿನ ಕಿವಿ ಕೊಟ್ಟಿದ್ದರೂ, ಎದ್ದ ಫಲಕದ ಕಿವಿಗಳು ಗಾಜಿನ ಮೇಲೆ ದುಂಡಗೆ ಹಾಗೇ ಉಳಿದಿದ್ದವು. ಅಂಟಿನದು ತಪ್ಪಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮಾದರಿಯನ್ನು ಪದರಗಳಾಗಿ ವಿಂಗಡಿಸುವ ತಂತ್ರಾಂಶದ ನನ್ನ ಪ್ರೊಫೈಲಿನಲ್ಲಿ `Brim-object gap` ಎಂಬುದು 0.1 ಮಿ.ಮೀ. ಇತ್ತು. ಬ್ರಿಮ್ ಸುಲಭವಾಗಿ ಕಿತ್ತು ಬರಲಿ ಎಂದು ಇಡುವ ಈ ಸಂದು ಚಿಕ್ಕ ಭಾಗಗಳಿಗೆ ಸರಿ, ಇಂಥ ಫಲಕಕ್ಕೆ ಅದನ್ನು ಸೊನ್ನೆ ಮಾಡಲೇಬೇಕು. ಇನ್ನೂ ಭದ್ರವಾಗಲಿ ಎಂದು ಈಗ ಕಿವಿಗಳನ್ನು ನಾನೇ ಮಾದರಿಯಲ್ಲಿ ಬಿಡಿಸುತ್ತೇನೆ: 25 ಮಿ.ಮೀ. ವ್ಯಾಸದ ಬಿಲ್ಲೆ, ಅದರ ಕೇಂದ್ರ ಸರಿಯಾಗಿ ಮೂಲೆಯ ತುದಿಗೆ, ದಪ್ಪ 0.4 ಮಿ.ಮೀ., ಅಂದರೆ ಎರಡು ಪದರ. ಒಂದೇ ಪದರವಾದರೆ ಮೂಲೆಯ ಅಂಚಿನಲ್ಲಿ ಹರಿಯುತ್ತದೆ. ದಪ್ಪವಾದಷ್ಟೂ ಒಳ್ಳೆಯದಿರಬಹುದೆಂದು ಒಂದು ಮಿ.ಮೀ. ಕೂಡ ಹಾಕಿ ನೋಡಿದೆ. ಆಗ ಕಿವಿಯೇ ಕುಗ್ಗಿ ತನ್ನ ಅಂಚನ್ನು ಮೇಲೆತ್ತಿಕೊಂಡು, ಸಿಪ್ಪೆ ಬಿಡುವುದಕ್ಕೆ ತಾನೇ ದಾರಿ ಮಾಡಿಕೊಟ್ಟಿತು. ಉದ್ದನೆಯ ಬದಿಗಳ ನಡುವೆಯೂ ಒಂದೊಂದು ಅರ್ಧ ಬಿಲ್ಲೆ ಇಟ್ಟದ್ದು ದಂಡವಾಗಲಿಲ್ಲ. ಗ್ರಾಹಕರನ್ನು ಒಪ್ಪಿಸಿ ಫಲಕದ ಮೂಲೆಗಳನ್ನು 8 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಮಾಡಿದ್ದರಿಂದ ಎಳೆತ ಒಂದೇ ಬಿಂದುವಿನಲ್ಲಿ ಸೇರುವುದೂ ತಪ್ಪಿತು.

ಕಿವಿ ಗಟ್ಟಿಯಾದ ಮೇಲೆ ಸೋಲು ಅಂಟಿಗೆ ಇಳಿಯಿತು. ಅಂಗಡಿಯ ಗ್ಲೂ ಸ್ಟಿಕ್ಕು, ನೀರು ಬೆರೆಸಿದ ಬಿಳಿ ಮರದ ಅಂಟು, ಹೇರ್ ಸ್ಪ್ರೇ ಮೂರನ್ನೂ ಪರೀಕ್ಷಿಸಿದೆ. ಗ್ಲೂ ಸ್ಟಿಕ್ಕಿನ ಪೊರೆ ಗಾಜನ್ನು ಬಿಟ್ಟು ಫಲಕದ ಜೊತೆಯೇ ಬಂದಿತು, ಬಹುಶಃ ನಾನು ದಪ್ಪಗೆ ಹಚ್ಚುತ್ತಿದ್ದದ್ದರಿಂದ. ತೆಳ್ಳಗೆ ಹಚ್ಚಿ ಒದ್ದೆ ಬಟ್ಟೆಯಲ್ಲಿ ಹರಡಿದಾಗ ಮತ್ತೊಂದು ಮಿ.ಮೀ. ಹೆಚ್ಚು ಬಾಳಿತು. ಬಿಳಿ ಅಂಟು ಇವುಗಳಲ್ಲಿ ಮೇಲು. ಕೊನೆಗೆ ನಿಂತದ್ದು ಎಬಿಎಸ್ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿದ ದ್ರಾವಣ. ಹಾಲಿಗಿಂತ ತುಸು ಗಟ್ಟಿಯಾಗಿರುವಂತೆ ಮಾಡಿಕೊಳ್ಳುತ್ತೇನೆ. ನಿಖರವಾದ ಅಳತೆಯನ್ನೂ, ಅದಕ್ಕೆ ಬೆರೆಸುವ ಇನ್ನೊಂದು ವಸ್ತುವನ್ನೂ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅಂಗಡಿಯ ಗುಟ್ಟು. ಹೇಳಲೇಬೇಕಾದದ್ದೆಂದರೆ, ಅಸಿಟೋನಿನ ಆವಿ ಬಹಳ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಬೆಡ್ ತಣ್ಣಗಿರುವಾಗ, ಗಾಜನ್ನು ಹೊರಗೆ ತಂದು, ಕಿಟಕಿಯ ಬಳಿ ಬಳಿಯಬೇಕು; ಪೂರ್ತಿ ಒಣಗುವವರೆಗೆ ಬಿಸಿ ಮಾಡಬಾರದು. ಕೆಲವು ಬೆಡ್ಡುಗಳ ಮೇಲಿರುವ ಪಿಇಐ ಪ್ಲಾಸ್ಟಿಕ್ ಹಾಳೆಯ ಮೇಲೆ ಇದನ್ನು ಹಚ್ಚಬೇಡಿ, ಅಸಿಟೋನು ಅದನ್ನು ಕೆಡಿಸುತ್ತದೆ.

ಬೆಡ್ಡಿನ ಶಾಖದ ವಿಷಯದಲ್ಲಿ ಪರದೆಯ ಮೇಲಿನ ಅಂಕಿಯನ್ನು ನಂಬುವಂತಿಲ್ಲ. ಮಲ್ಟಿಮೀಟರಿನ ಥರ್ಮೋಕಪಲ್ಲನ್ನು ಶಾಖ ತಾಳುವ ಕ್ಯಾಪ್ಟಾನ್ ಟೇಪಿನಿಂದ ಗಾಜಿಗೆ ಅಂಟಿಸಿ ಅಳೆದಾಗ, ಪರದೆ 110 ಎನ್ನುತ್ತಿದ್ದ ಹೊತ್ತಿನಲ್ಲಿ ಮಧ್ಯೆ 100ರ ಆಸುಪಾಸು, ಮೂಲೆಯಲ್ಲಿ 88 ಇತ್ತು. ಎಲ್ಲಿ ಹಿಡಿತ ಹೆಚ್ಚು ಬೇಕೋ ಅಲ್ಲಿಯೇ ಶಾಖ ಕಡಿಮೆ. ಈಗ ಮುಕ್ಕಾಲು ಗಂಟೆ ಕಾಯಿಸಿ, ಮೂಲೆ 95 ಮುಟ್ಟಿದ ಮೇಲಷ್ಟೇ ಆರಂಭಿಸುತ್ತೇನೆ. ಶಾಖವನ್ನು ಇನ್ನೂ ಏರಿಸಿದರೆ ಒಳ್ಳೆಯದೆಂಬುದು ಸುಳ್ಳು: ಎಬಿಎಸ್ 105ರ ಹತ್ತಿರ ಮೆತ್ತಗಾಗುವುದರಿಂದ, ಮಧ್ಯಭಾಗ ಅದನ್ನು ಮೀರಿದಾಗ ತಳದ ಪದರಗಳು ಅಗಲಕ್ಕೆ ಹರಡಿ ಅಳತೆ ಕೆಟ್ಟಿತು, ಮೂಲೆ ಮಾತ್ರ ಏಳುವುದನ್ನು ಬಿಡಲಿಲ್ಲ.

ಬೆಡ್ಡಿನ ಬಿಸಿ ಮೇಲಿನ ಪದರಗಳಿಗೆ ಚೆನ್ನಾಗಿ ತಲುಪದು, ಅವುಗಳಿಗೆ ಬೇಕಾದದ್ದು ಸುತ್ತಲಿನ ಗಾಳಿಯ ಬಿಸಿ. ಚಿಕ್ಕಬಳ್ಳಾಪುರದ ಡಿಸೆಂಬರ್ ರಾತ್ರಿಗಳನ್ನು ಬಲ್ಲವರಿಗೆ ನಡುರಾತ್ರಿಯ ಸೋಲುಗಳ ಕಾರಣ ವಿವರಿಸಬೇಕಾಗಿಲ್ಲ. ಗುಜರಿಯಿಂದ ಒಂದೂವರೆ ಸಾವಿರಕ್ಕೆ ತಂದ ಹಳೆಯ ಕಬ್ಬಿಣದ ಬೀರುವಿನೊಳಗೆ ಯಂತ್ರವನ್ನಿಟ್ಟು, ಪವರ್ ಸಪ್ಲೈ ಮತ್ತು ಬೋರ್ಡನ್ನು ಹೊರಗೆ ಒಯ್ದು, ಭಾಗ ತಣಿಸುವ ಫ್ಯಾನನ್ನು ನಿಲ್ಲಿಸಿದೆ. ಒಳಗಿನ ಗಾಳಿ 55 ಡಿಗ್ರಿಗೆ ಏರುತ್ತದೆ. ಇಷ್ಟಾದ ಮೇಲೆ ಬಿಳಿ ಅಂಟಿನಲ್ಲಿಯೂ ಒಂದು ಫಲಕ ಪೂರ್ತಿ ಬಂದಿತು, ಅಂದರೆ ಬೀರುವಿನ ಪಾಲು ನಾನೆಣಿಸಿದ್ದಕ್ಕಿಂತ ದೊಡ್ಡದು. ಆದರೂ ಗ್ರಾಹಕರ ಕೆಲಸಕ್ಕೆ ದ್ರಾವಣವನ್ನೇ ಹಚ್ಚುತ್ತೇನೆ.

ಮುಗಿದ ಫಲಕವನ್ನು ಬಿಸಿಯಿದ್ದಾಗ ಕೀಳಬಾರದು. ಬೀರು ತೆರೆಯದೆ ಎರಡು ಮೂರು ಗಂಟೆ ಬಿಟ್ಟರೆ, ಬೆಡ್ 40ಕ್ಕಿಂತ ಕೆಳಗಿಳಿದಾಗ ಟಕ್ಕೆಂದು ತಾನೇ ಬಿಡುತ್ತದೆ. ಅವಸರದಲ್ಲಿ ಎಬ್ಬಿಸಿದಾಗ ಗಾಜಿನ ಚಕ್ಕೆಯೊಂದು ಫಲಕಕ್ಕೆ ಅಂಟಿಕೊಂಡು ಬಂದದ್ದುಂಟು. ಕಿವಿಗಳನ್ನು ಬ್ಲೇಡಿನಿಂದ ಕತ್ತರಿಸಿ ಅರ ಹಾಕುವುದಕ್ಕೆ ಹತ್ತು ನಿಮಿಷ. ಪಾಲಿಶ್ ಮಾಡಿದ ಗ್ರಾನೈಟ್ ತುಂಡಿನ ಮೇಲೆ ತಳ ಕೆಳಗಿರುವಂತೆ ಇಟ್ಟು ಸಂದು ಅಳೆಯುವ ಫೀಲರ್ ಗೇಜು ತೂರಿಸಿದರೆ, ಮೂಲೆಯಲ್ಲಿ 0.3 ಮಿ.ಮೀ. ಎಲೆ ಹೋಗುವುದಿಲ್ಲ. ಫಲಕವೊಂದಕ್ಕೆ 1,800 ರೂಪಾಯಿ ಪಡೆದಿದ್ದೇನೆ, ಪೀಣ್ಯದ ಗೆಳೆಯರು ಈಗ ಬೀರುವಿನ ಅಳತೆ ಕೇಳುತ್ತಿದ್ದಾರೆ. 340 ಮಿ.ಮೀ. ಉದ್ದದ ಇನ್ನೊಂದು ಫಲಕದಲ್ಲಿ ಮಾತ್ರ ಇದೇ ಕ್ರಮ ಕೈಕೊಟ್ಟಿತು: ಕಿವಿ, ಅಂಟು ಎರಡೂ ನಿಂತವು, ಬದಿಯಲ್ಲಿ ಪದರಗಳೇ ಒಂದರಿಂದೊಂದು ಸೀಳಿದವು. ಅಂಥದ್ದನ್ನು ಎರಡು ತುಂಡು ಮಾಡಿ, ಅಂಚಿನ ಮೇಲೆ ಅಂಚು ಕೂರುವಂತೆ ಬೆಸೆದು ಕೊಡುತ್ತಿದ್ದೇನೆ.