ಗೋವಾದ ಶ್ಯಾಕ್‌ಗಳೂ ನಮ್ಮ ಕ್ವಿಕ್ ರೇಶಿಯೋ ಲೆಕ್ಕವೂ

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಪುಟ್ಟ ಕಂಪನಿ ಹೋಟೆಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತದೆ. ಔಟ್‌ಲೆಟ್ ಒಂದಕ್ಕೆ ತಿಂಗಳಿಗೆ 1,500 ರೂಪಾಯಿ, ಜಿಎಸ್‌ಟಿ ಬೇರೆ. ಪುಣೆ, ಮುಂಬೈಗಳಲ್ಲಿ ನಮ್ಮ ಗಿರಾಕಿಗಳು ಹೆಚ್ಚಾಗಿ ಉಡುಪಿ ಹೋಟೆಲಿನವರು. ಗೋವಾದಲ್ಲಿ ಮಾತ್ರ ಕಡಲತೀರದ ಶ್ಯಾಕ್ ಹೋಟೆಲುಗಳೂ ಇವೆ. ಲೆಕ್ಕಪತ್ರ ನನ್ನ ಪಾಲಿನ ಕೆಲಸ. ಪ್ರತಿ ತಿಂಗಳ ಮೊದಲ ವಾರ ನಾನು ತೆಗೆಯುವ ಅಂಕಿಗಳಲ್ಲಿ ನಮ್ಮ ಸರ್ ಎಲ್ಲಕ್ಕಿಂತ ಮೊದಲು ನೋಡುವುದು ಕ್ವಿಕ್ ರೇಶಿಯೋ.

ಸೂತ್ರ ಸರಳ. ಆ ತಿಂಗಳು ಹೊಸ ಗಿರಾಕಿಗಳಿಂದ ಸೇರಿದ ಮಾಸಿಕ ಆದಾಯಕ್ಕೆ, ಹಳೆಯ ಗಿರಾಕಿಗಳು ಹೆಚ್ಚುವರಿ ಸೌಲಭ್ಯ ತೆಗೆದುಕೊಂಡದ್ದರಿಂದ ಏರಿದ ಆದಾಯವನ್ನು ಕೂಡಿಸಬೇಕು. ಅದನ್ನು, ಬಿಟ್ಟುಹೋದವರಿಂದ ಕಳೆದುಕೊಂಡದ್ದು ಮತ್ತು ಅಗ್ಗದ ಪ್ಲ್ಯಾನಿಗೆ ಇಳಿದವರಿಂದ ಕಳೆದುಕೊಂಡದ್ದು, ಈ ಎರಡರ ಮೊತ್ತದಿಂದ ಭಾಗಿಸಬೇಕು. ಮಮೂನ್ ಹಮೀದ್ ಎಂಬ ಹೂಡಿಕೆದಾರರು ಜನಪ್ರಿಯಗೊಳಿಸಿದ ಅಳತೆಯಂತೆ ಇದು 4ರ ಮೇಲಿರಬೇಕು. ಅಂದರೆ ಒಂದು ರೂಪಾಯಿ ಹೋದ ಕಡೆ ನಾಲ್ಕು ಬರಬೇಕು. 1ಕ್ಕಿಂತ ಕೆಳಗೆ ಬಿದ್ದರೆ ಆದಾಯ ಕುಗ್ಗುತ್ತಿದೆ ಎಂದೇ ಅರ್ಥ.

ತಕರಾರು ಶುರುವಾಗುವುದು ಯಾವ ರೂಪಾಯಿಯನ್ನು ಯಾವ ಕಾಲಮ್ಮಿಗೆ ಹಾಕಬೇಕು ಎನ್ನುವಲ್ಲಿ. ಶ್ಯಾಕ್‌ಗಳು ತಾತ್ಕಾಲಿಕ ಕಟ್ಟಡಗಳು. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯೊಳಗೆ, ಅವನ್ನು ಬಿಚ್ಚಿ ತೆಗೆಯಲೇಬೇಕು; ಮತ್ತೆ ಕಟ್ಟುವುದು ಮಳೆ ನಿಂತ ಮೇಲೆ. ಬಾಗಾ ಬೀಚಿನ ಶ್ಯಾಕೊಂದರ ಮ್ಯಾನೇಜರು ಅಂಕೋಲಾದವರು. ಜೂನಿನಲ್ಲಿ ಬಾಕಿ ಕೇಳಲು ಫೋನ್ ಮಾಡಿದಾಗ, "ಶ್ಯಾಕೇ ಬಿಚ್ಚಿ ಇಟ್ಟಾಯ್ತಲ್ಲ ಮಾರಾಯ್ರೇ, ಬಿಲ್ ಯಾರಿಗೆ ಹರಿಯೋದು?" ಎಂದರು. ನ್ಯಾಯವಾದ ಪ್ರಶ್ನೆ. ಆದರೆ ಅವರು ನಮ್ಮನ್ನು ಬಿಟ್ಟವರೋ, ಬಿಡದವರೋ?

ಒಂದು ವರ್ಷದ ಲೆಕ್ಕವನ್ನೇ ನೋಡೋಣ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಜೂನ್ ಆರಂಭದಲ್ಲಿ ಮಾಸಿಕ ಆದಾಯ 9,00,000 ರೂಪಾಯಿ. ಆ ತಿಂಗಳು ಹೊಸದು 36,000, ಏರಿಕೆ 18,000. ನಿಜವಾಗಿಯೂ ಬಿಟ್ಟವರಿಂದ ಹೋದದ್ದು 12,000, ಇಳಿಕೆ 6,000. ಇದರ ಜೊತೆಗೆ 48 ಶ್ಯಾಕ್‌ಗಳು ಒಟ್ಟಿಗೇ ಬಿಲ್ ನಿಲ್ಲಿಸಿದವು: 72,000. ಶ್ಯಾಕ್‌ಗಳನ್ನು ಬಿಟ್ಟವರೆಂದು ಹಿಡಿದರೆ 54,000ವನ್ನು 90,000ದಿಂದ ಭಾಗಿಸಬೇಕು, ಬರುವುದು 0.6. ಹೊರಗಿಟ್ಟರೆ 54,000ವನ್ನು 18,000ದಿಂದ ಭಾಗಿಸಿ 3. ಒಂದೇ ತಿಂಗಳು, ಒಂದೇ ಕಂಪನಿ.

ಜೂನಿನ 0.6 ನೋಡಿ ಗಾಬರಿಯಾದರೂ ದೊಡ್ಡ ಹಾನಿಯಿಲ್ಲ, ಯಾರಾದರೂ ಕಾರಣ ಕೇಳಿಯೇ ಕೇಳುತ್ತಾರೆ. ಅಪಾಯವಿರುವುದು ಶ್ಯಾಕ್‌ಗಳು ವಾಪಸ್ ಬರುವಾಗ, ಏಕೆಂದರೆ ಒಳ್ಳೆಯ ಅಂಕಿಗೆ ಯಾರೂ ಕಾರಣ ಕೇಳುವುದಿಲ್ಲ. ಅಕ್ಟೋಬರ್, ನವೆಂಬರ್ ಎರಡೂ ಸೇರಿ ಹೊಸದು 80,000, ಏರಿಕೆ 25,000, ಬಿಟ್ಟದ್ದು 20,000, ಇಳಿಕೆ 15,000. 48 ಶ್ಯಾಕ್‌ಗಳಲ್ಲಿ 38 ಮರಳಿದವು: 57,000. ಇದನ್ನು ಹೊಸ ಆದಾಯವೆಂದು ಬರೆದರೆ 1,62,000ವನ್ನು 35,000ದಿಂದ ಭಾಗಿಸಿ 4.63 ಬರುತ್ತದೆ. ಹಮೀದರ ಗೆರೆ ದಾಟಿದೆವು ಎಂದು ಪೇಢಾ ಹಂಚಬಹುದು! ಆದರೆ ಆ 57,000 ಹೋದ ಮೇನಲ್ಲೂ ನಮ್ಮದೇ ಆಗಿತ್ತು, ಯಾರೂ ಹೊಸದಾಗಿ ಗೆದ್ದು ತಂದದ್ದಲ್ಲ. ಬರದೇ ಉಳಿದ 10 ಶ್ಯಾಕ್‌ಗಳ 15,000 ಮಾತ್ರ ನಿಜವಾದ ನಷ್ಟ. ಮರಳಿದವರನ್ನು ಹೊರಗಿಟ್ಟು ಈ ನಷ್ಟವನ್ನು ಕೆಳಗೆ ಸೇರಿಸಿದರೆ 1,05,000ವನ್ನು 50,000ದಿಂದ ಭಾಗಿಸಬೇಕು, ಉತ್ತರ 2.1.

ಹಾಗಾಗಿ ನನ್ನ ಶೀಟಿನಲ್ಲಿ ಆದಾಯದ ಏರಿಳಿತಕ್ಕೆ ನಾಲ್ಕರ ಬದಲು ಆರು ಕಾಲಮ್ಮುಗಳಿವೆ. B ತಿಂಗಳ ಆರಂಭದ ಆದಾಯ. C ಹೊಸದು, D ಏರಿಕೆ, E ಇಳಿಕೆ, F ಬಿಟ್ಟವರು, G ವಿರಾಮ, H ವಾಪಸ್. ರೇಶಿಯೋದಲ್ಲಿ G, H ಬರುವುದಿಲ್ಲ, ತಿಂಗಳ ಕೊನೆಯ ಆದಾಯದಲ್ಲಿ ಬಂದೇ ಬರುತ್ತವೆ.

```
ರೇಶಿಯೋ:      =(C5+D5)/(E5+F5)
ಕೊನೆಯ ಆದಾಯ:  =B5+C5+D5+H5-E5-F5-G5
```

ಎರಡನೆಯ ಸಾಲೇ ನನ್ನ ಕಾವಲುಗಾರ. ಜೂನಿಗೆ ಅದು 8,64,000 ತೋರಿಸುತ್ತದೆ. ಜುಲೈ ಆರಂಭದಲ್ಲಿ ಚಾಲ್ತಿಯಲ್ಲಿರುವ ಎಲ್ಲ ಔಟ್‌ಲೆಟ್‌ಗಳ ದರವನ್ನು ಬಿಲ್ಲಿಂಗ್ ಪಟ್ಟಿಯಿಂದ ನೇರವಾಗಿ ಕೂಡಿದಾಗಲೂ ಇಷ್ಟೇ ಬರಬೇಕು. ಬರದಿದ್ದರೆ ಯಾವುದೋ ರೂಪಾಯಿ ತಪ್ಪು ಮನೆಯಲ್ಲಿ ಕೂತಿದೆ. ಸಾಮಾನ್ಯವಾಗಿ ಸಿಕ್ಕಿಬೀಳುವುದು 18 ಶೇಕಡಾ ಜಿಎಸ್‌ಟಿ ಸೇರಿಸಿ ಬರೆದ ಮೊತ್ತ, ಇಲ್ಲವೇ ಥರ್ಮಲ್ ಪ್ರಿಂಟರ್ ಮಾರಿದ ಒಂದು ಬಾರಿಯ ಹಣ.

ವಿರಾಮದ ಕಾಲಮ್ ಇಟ್ಟರೆ ಇನ್ನೊಂದು ಆಮಿಷ ಹುಟ್ಟುತ್ತದೆ: ಬಿಟ್ಟುಹೋದವರನ್ನೆಲ್ಲ ಅಲ್ಲಿ ಮಲಗಿಸಿಬಿಡುವುದು. ಗೋವಾ ನೋಡಿಕೊಳ್ಳುವ ನಮ್ಮ ಹುಡುಗ ಬೆಳಗಾವಿಯವನು. ಮಡಗಾಂವದ ಒಂದು ಹೋಟೆಲು ಬೇರೆ ಸಾಫ್ಟ್‌ವೇರ್ ಹಾಕಿಸಿಕೊಂಡಾಗಲೂ, "ಸರ್, ಅವರ್ನ ವಿರಾಮದಾಗ ಇಡ್ರಿ, ದೀಪಾವಳಿ ಆದ್ಮ್ಯಾಲ ನಾ ಮಾತಾಡ್ತೀನ್ರಿ" ಎಂದ. ಅದಕ್ಕೆ ನಿಯಮ ಬಿಗಿಯಾಗಿಟ್ಟಿದ್ದೇನೆ. ವಿರಾಮಕ್ಕೆ ಸೇರುವುದು ಬೀಚಿನ ಪರವಾನಗಿಯಲ್ಲಿ ನಡೆಯುವ ಶ್ಯಾಕ್‌ಗಳು ಮಾತ್ರ, ಅದೂ ಮೇ, ಜೂನ್‌ನಲ್ಲಿ ನಿಲ್ಲಿಸಿದ್ದರೆ. ನವೆಂಬರ್ 30ರೊಳಗೆ ಬಿಲ್ ಮತ್ತೆ ಶುರುವಾಗದಿದ್ದರೆ ಆ ತಿಂಗಳೇ 'ಬಿಟ್ಟವರು'. ವಿರಾಮದಲ್ಲಿ ಆಗಲೇ ಕಳೆದ ಆ ಮೊತ್ತ ಕೊನೆಯ ಆದಾಯದಲ್ಲಿ ಎರಡನೇ ಬಾರಿ ಕಳೆಯದಂತೆ, ಅದೇ ತಿಂಗಳು G ಕಾಲಮ್ಮಿನಲ್ಲಿ ಅದನ್ನು ಋಣ ಚಿಹ್ನೆಯಿಂದ ಬರೆಯುತ್ತೇನೆ. ಅಕ್ಟೋಬರಿಗೇ ಗಡುವು ಇಡಬಹುದಿತ್ತು, ಆದರೆ ಪರವಾನಗಿ ತಡವಾದ ವರ್ಷ ಶ್ಯಾಕ್ ಏಳುವುದೇ ತಡ.

ಹನ್ನೆರಡು ತಿಂಗಳನ್ನು ಒಟ್ಟಿಗೆ ತೆಗೆದರೆ ಇದೆಲ್ಲ ತಾನೇ ಸರಿಹೋಗುವುದಿಲ್ಲವೇ ಎಂದು ಸರ್ ಕೇಳಿದರು. ಪೂರ್ತಿ ಹೋಗುವುದಿಲ್ಲ. ಆ ವರ್ಷ ಹೊಸದು ಮತ್ತು ಏರಿಕೆ ಸೇರಿ 6,00,000, ಮರಳದ ಶ್ಯಾಕ್‌ಗಳನ್ನೂ ಹಿಡಿದು ಹೋದದ್ದು 2,25,000. ರೇಶಿಯೋ 2.67. ಮರಳಿದ 57,000ವನ್ನು ಹೋದದ್ದೆಂದೂ ಬಂದದ್ದೆಂದೂ ಎರಡೂ ಕಡೆ ಬರೆದರೆ 6,57,000ಕ್ಕೆ 2,82,000, ರೇಶಿಯೋ 2.33. ವ್ಯತ್ಯಾಸ ಎರಡರಲ್ಲೂ 3,75,000ವೇ. ಮೇಲೂ ಕೆಳಗೂ ಒಂದೇ ಮೊತ್ತ ಸೇರಿಸಿದರೆ ಭಾಗಲಬ್ಧ 1ರ ಕಡೆಗೆ ಜಾರುತ್ತದೆ, ತೆಗೆದರೆ 1ರಿಂದ ದೂರ ಸರಿಯುತ್ತದೆ; ಗಣಿತದ ಗುಣವೇ ಅದು. ಹೂಡಿಕೆದಾರರಿಗೆ ಕಳಿಸುವಾಗ ಅದಕ್ಕೇ ಎರಡೂ ರೇಶಿಯೋ ಬರೆದು, ಕೆಳಗೆ ವಿರಾಮ ಮತ್ತು ವಾಪಸ್ ಮೊತ್ತಗಳನ್ನು ಪ್ರತ್ಯೇಕವಾಗಿ ಕೊಡುತ್ತೇನೆ. ಬರೀ ಚೆಂದದ ಅಂಕಿಯೊಂದನ್ನೇ ಕಳಿಸುವುದು ನನಗೆ ಒಗ್ಗದು.

ಈಚೆಗೆ ಬೆಳಗಾವಿಯ ಹುಡುಗನೇ ಒಂದು ಉಪಾಯ ತಂದ. ಮಳೆಗಾಲದಲ್ಲಿ ಪೂರ್ತಿ ನಿಲ್ಲಿಸುವ ಬದಲು ತಿಂಗಳಿಗೆ 300 ರೂಪಾಯಿ ಕೊಟ್ಟರೆ ಮೆನು, ಸ್ಟಾಕ್, ಹಳೆಯ ಬಿಲ್ಲುಗಳು ಹಾಗೇ ಇರುತ್ತವೆ. ರೇಶಿಯೋಗೆ ಇದರಿಂದ ಲಾಭವಿಲ್ಲ. ನಿಯಮ ಬದಲಿಸದಿದ್ದರೆ ಔಟ್‌ಲೆಟ್‌ಗೆ 1,200 ರೂಪಾಯಿ 'ಇಳಿಕೆ'ಗೆ ಬಂದು ಜೂನ್ ಮತ್ತೆ ಕೆಡುತ್ತದೆ, ಹಾಗಾಗಿ ಆ 1,200ನ್ನೂ ವಿರಾಮದಲ್ಲೇ ಬರೆಯುತ್ತೇನೆ. ನನಗೆ ಬೇಕಾದದ್ದು ಆ 300 ಕೊಡಲು ಒಪ್ಪದವರ ಪಟ್ಟಿ. ಮಳೆ ನಿಂತ ಮೇಲೆ ಮರಳಿ ಬರುವ ಮನಸ್ಸಿಲ್ಲದವರು ಬಹುಪಾಲು ಅದರಲ್ಲೇ ಇರುತ್ತಾರೆ ಎಂಬುದು ನನ್ನ ಅಂದಾಜು. ನವೆಂಬರಿನವರೆಗೆ ಕಾಯದೆ ಜುಲೈಯಲ್ಲೇ ಅವರಿಗೆ ಫೋನ್ ಮಾಡಲು ಹುಡುಗನಿಗೆ ಹೇಳಿದ್ದೇನೆ.